ಶಾಲಾ ಗ್ರಂಥಾಲಯಕ್ಕೆ ಕಂಪನಿಯ ನೆರವು ಕೇಳುವ ಬಗೆ

ಹಳ್ಳಿಯ ಸರ್ಕಾರಿ ಶಾಲೆಗೆ ಹೋಗಿ ಗ್ರಂಥಾಲಯ ಎಲ್ಲಿದೆ ಎಂದು ಕೇಳಿದರೆ, ಬಹಳ ಕಡೆ ಮುಖ್ಯ ಶಿಕ್ಷಕರು ತಮ್ಮ ಕುರ್ಚಿಯ ಹಿಂದಿನ ಕಬ್ಬಿಣದ ಬೀರು ತೋರಿಸುತ್ತಾರೆ. ಬೀರುವಿಗೆ ಬೀಗ ಹಾಕಿರುತ್ತದೆ. ಒಳಗೆ ಪುಸ್ತಕಗಳೂ ಇರುತ್ತವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ದಿನಪತ್ರಿಕೆ, ನಿಯತಕಾಲಿಕ ಮತ್ತು ಕತೆ ಪುಸ್ತಕಗಳಿರುವ ಗ್ರಂಥಾಲಯ ಇರಬೇಕೆಂದು ಹೇಳಿದೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಯ ಮಟ್ಟ ನೋಡಿಕೊಂಡು ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನವೂ ಇದೆ. ಆ ಹಣದಲ್ಲಿ ಒಂದಷ್ಟು ಪುಸ್ತಕ ಬರುತ್ತದೆ. ಆದರೆ ಓದುವ ಕೋಣೆ ಆಗುವುದಿಲ್ಲ, ಪುಸ್ತಕ ಕೊಟ್ಟು ವಾಪಸು ಪಡೆಯುವವರೂ ಸಿಗುವುದಿಲ್ಲ. ಆ ಕೊರತೆ ತುಂಬಿಸಲು ಹತ್ತಿರದ ಕಂಪನಿಯ ಸಾಮಾಜಿಕ ಹೊಣೆಗಾರಿಕೆ ನಿಧಿಯನ್ನು, ಅಂದರೆ ನಾವೆಲ್ಲ ಸಿಎಸ್‌ಆರ್ ಎನ್ನುವ ಹಣವನ್ನು, ಹೇಗೆ ಕೇಳಬೇಕು ಎಂಬುದೇ ಇವತ್ತಿನ ಮಾತು. ಇಂಥ ಪ್ರಸ್ತಾವನೆಗಳನ್ನು ಶಾಲೆಯ ಕಡೆ ಕೂತು ಬರೆದಿದ್ದೇನೆ, ಕಂಪನಿಯ ಕಡೆ ಕೂತು ಓದಿಯೂ ಇದ್ದೇನೆ. ಹಾಗಾಗಿ ಎರಡೂ ಬದಿಯ ಮಾತು ಹೇಳುತ್ತೇನೆ.

ಮೊದಲು ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಆರ್ಥಿಕ ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ, ಕಳೆದ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಯಾವ ಕೆಲಸಕ್ಕೆ ಎನ್ನುವ ಪಟ್ಟಿ ಅದೇ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ, ಶಿಕ್ಷಣಕ್ಕೆ ಉತ್ತೇಜನ ಅದರಲ್ಲಿ ಸೇರಿದೆ. ಕಂಪನಿ ತಾನು ಕೆಲಸ ಮಾಡುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದೂ ಕಾಯ್ದೆ ಹೇಳುತ್ತದೆ. ಆದ್ದರಿಂದ ಶಾಲೆಯವರು ಕೈಯೊಡ್ಡಿ ನಿಲ್ಲುವ ಅಗತ್ಯವಿಲ್ಲ. ಕಂಪನಿಗೆ ಒಂದು ಕರ್ತವ್ಯವಿದೆ, ಅದನ್ನು ಸರಿಯಾಗಿ ನೆರವೇರಿಸುವ ದಾರಿಯನ್ನು ನೀವು ತೋರಿಸುತ್ತಿದ್ದೀರಿ. ಪತ್ರದ ಧಾಟಿ ಈ ತಿಳಿವಳಿಕೆಯಿಂದಲೇ ಬದಲಾಗುತ್ತದೆ.

ಯಾವ ಕಂಪನಿಯನ್ನು ಕೇಳಬೇಕು? ಹೆಚ್ಚಿನ ಶಾಲೆಗಳು ಬೆಂಗಳೂರಿನ ದೊಡ್ಡ ಹೆಸರಿನ ಕಂಪನಿಗಳಿಗೆ ಪತ್ರ ಹಾಕುತ್ತವೆ, ಉತ್ತರ ಬರುವುದಿಲ್ಲ. ಅಂಥ ಹಲವು ಕಂಪನಿಗಳಿಗೆ ತಮ್ಮದೇ ಪ್ರತಿಷ್ಠಾನಗಳಿರುತ್ತವೆ, ಐವತ್ತು ನೂರು ಶಾಲೆಗಳ ಕಾರ್ಯಕ್ರಮ ಅವರಿಗೆ ಬೇಕು. ಒಂದು ಶಾಲೆಯ ನಾಲ್ಕು ಲಕ್ಷದ ಕೋರಿಕೆ ಅಲ್ಲಿ ಯಾರ ಮೇಜಿಗೂ ಬರುವುದಿಲ್ಲ. ಅದರ ಬದಲು ನಿಮ್ಮ ತಾಲ್ಲೂಕಿನ ಕೈಗಾರಿಕಾ ಪ್ರದೇಶದ ಮಧ್ಯಮ ಗಾತ್ರದ ಕಾರ್ಖಾನೆಯನ್ನು ನೋಡಿ. ಸರಾಸರಿ ಲಾಭ 6 ಕೋಟಿ ಇರುವ ಕಂಪನಿ ವರ್ಷಕ್ಕೆ 12 ಲಕ್ಷ ಖರ್ಚು ಮಾಡಬೇಕಾಗುತ್ತದೆ. ಆ ಹನ್ನೆರಡು ಲಕ್ಷವನ್ನು ಎಲ್ಲಿ ಹಾಕುವುದು ಎಂದು ಯೋಚಿಸಲು ಅಲ್ಲಿ ಬೇರೆ ವಿಭಾಗವೇ ಇರುವುದಿಲ್ಲ, ಮಾನವ ಸಂಪನ್ಮೂಲದವರೋ ಲೆಕ್ಕಪತ್ರದವರೋ ನೋಡಿಕೊಳ್ಳುತ್ತಿರುತ್ತಾರೆ. ಈ ಬಾಬ್ತು 50 ಲಕ್ಷ ಮೀರದ ಕಂಪನಿಗೆ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಕಡ್ಡಾಯವಲ್ಲ, ನಿರ್ದೇಶಕ ಮಂಡಳಿಯೇ ತೀರ್ಮಾನಿಸಬಹುದು. ಒಂದು ಸಭೆಯಲ್ಲಿ ಒಪ್ಪಿಗೆ ಸಿಕ್ಕಿಬಿಡಬಹುದು. ಯಾವ ಕಂಪನಿ ಹಿಂದಿನ ವರ್ಷಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಕೊಟ್ಟಿದೆ ಎನ್ನುವುದು ಅದರ ವಾರ್ಷಿಕ ವರದಿಯಲ್ಲೂ, ಕೇಂದ್ರ ಸರ್ಕಾರದ csr.gov.in ಜಾಲತಾಣದಲ್ಲೂ ಸಿಗುತ್ತದೆ. ಪತ್ರ ಬರೆಯುವ ಮುನ್ನ ಇದನ್ನು ಒಮ್ಮೆ ನೋಡಿ. ಹಿಂದೆ ಶಾಲೆಗಳಿಗೆ ಕೊಟ್ಟವರು ಮತ್ತೆ ಕೊಡುವ ಸಂಭವ ಹೆಚ್ಚು.

ಇನ್ನು ಹಣ ಯಾರ ಕೈಗೆ ಬರಬೇಕು ಎನ್ನುವುದು. ಕಂಪನಿ ತಾನೇ ನೇರವಾಗಿ ಖರೀದಿಸಿ ಕೆಲಸ ಮಾಡಿಸಬಹುದು. ಸಣ್ಣ ಕಂಪನಿಗೆ ಅದಕ್ಕೆ ಪುರುಸೊತ್ತು ಇರುವುದಿಲ್ಲ. ಬೇರೊಂದು ಸಂಸ್ಥೆಯ ಮೂಲಕ ಮಾಡಿಸುವುದಾದರೆ, ಆ ಸಂಸ್ಥೆ 2021ರ ಏಪ್ರಿಲ್‌ನಿಂದ ಬಂದ ನಿಯಮದಂತೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಅರ್ಜಿ ಹಾಕಿ ನೋಂದಣಿ ಸಂಖ್ಯೆ ಪಡೆದಿರಬೇಕು. ನಮ್ಮ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಸಾಮಾನ್ಯವಾಗಿ ಆ ನೋಂದಣಿ ಮಾಡಿಸಿರುವುದಿಲ್ಲ. ಆದ್ದರಿಂದ ಜಿಲ್ಲೆಯಲ್ಲಿ ಶಿಕ್ಷಣದ ಕೆಲಸ ಮಾಡುತ್ತಿರುವ, ನೋಂದಣಿ ಇರುವ ಒಂದು ಟ್ರಸ್ಟನ್ನು ಮೊದಲೇ ಜೊತೆಗೆ ಕರೆದುಕೊಳ್ಳಿ. ಪ್ರಸ್ತಾವನೆಯ ಮೊದಲ ಪುಟದಲ್ಲೇ ಆ ಸಂಖ್ಯೆ ಇರಲಿ. ಅದು ಇಲ್ಲದ ಪ್ರಸ್ತಾವನೆಯನ್ನು ಕಂಪನಿಯ ಲೆಕ್ಕಪತ್ರದವರು ಮುಂದೆ ಓದುವುದೇ ಇಲ್ಲ. ಜೊತೆಗೆ ಎಸ್‌ಡಿಎಂಸಿ ಸಭೆಯ ನಡಾವಳಿಯ ಪ್ರತಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಒಪ್ಪಿಗೆ ಪತ್ರ, ಶಾಲೆಯ ಯು-ಡೈಸ್ ಸಂಖ್ಯೆ, ಇಷ್ಟು ಕಾಗದ ಸಾಕು.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ, ಕೈಗಾರಿಕಾ ಪ್ರದೇಶಕ್ಕೆ ನಾಲ್ಕೈದು ಕಿಲೋಮೀಟರು ದೂರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಎಂದುಕೊಳ್ಳಿ. ಒಂದರಿಂದ ಏಳನೇ ತರಗತಿವರೆಗೆ 180 ಮಕ್ಕಳು. ಒಂದರಿಂದ ಮೂರು ನಲಿ-ಕಲಿ ತರಗತಿ, ಅಲ್ಲಿ 75 ಮಕ್ಕಳು ಬೆರೆತು ಕೂರುತ್ತಾರೆ. ನಾಲ್ಕರಿಂದ ಏಳರಲ್ಲಿ 105 ಮಕ್ಕಳು. ಹಲವು ಮಕ್ಕಳ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಒಂದು ಕೊಠಡಿ ಖಾಲಿ ಇದೆ, ಮಳೆ ಬಂದರೆ ಒಂದು ಮೂಲೆ ಸೋರುತ್ತದೆ, ಕಿಟಕಿಗೆ ಜಾಲರಿ ಇಲ್ಲ.

ಇಲ್ಲಿಗೆ ಬೇಕಾದ ಲೆಕ್ಕ ಹೀಗಾಗಬಹುದು. ಕೊಠಡಿಯ ಸೋರಿಕೆ, ಜಾಲರಿ, ಎರಡು ದೀಪ, ಒಂದು ಫ್ಯಾನಿಗೆ 40,000. ಮಕ್ಕಳ ಎದೆಯೆತ್ತರಕ್ಕಿರುವ ಬಾಗಿಲಿಲ್ಲದ ಆರು ರ್ಯಾಕ್‌ಗಳಿಗೆ ಜಿಎಸ್‌ಟಿ ಸೇರಿ 45,000, ಕೂರುವ ಚಾಪೆಗಳಿಗೆ 10,000. ಸರಾಸರಿ 90 ರೂಪಾಯಿಯ 900 ಪುಸ್ತಕಗಳಿಗೆ 81,000. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆ ಕಾಲಂನಲ್ಲಿ ತೆರಿಗೆ ಹಾಕಿದರೆ ಕಂಪನಿಯವರು ತಕ್ಷಣ ಹಿಡಿಯುತ್ತಾರೆ. ರಟ್ಟು, ಚೀಟಿ, ಮೊಹರು, ವಹಿಗಳಿಗೆ 9,000. ಶಿಕ್ಷಕರ ತರಬೇತಿಗೆ 15,000. ಸಂಸ್ಥೆಯ ಮೇಲ್ವಿಚಾರಕರ ಓಡಾಟಕ್ಕೆ 12,000. ಇವೆಲ್ಲದರ ಜೊತೆ ಇನ್ನೊಂದು ಬಾಬ್ತು ಇದೆ: ಊರಿನಲ್ಲೇ ಇರುವ, ಪದವಿ ಓದಿದ ಒಬ್ಬ ಹೆಣ್ಣುಮಗಳು ದಿನಕ್ಕೆ ಮೂರು ಗಂಟೆ ಗ್ರಂಥಾಲಯ ನಡೆಸಲು ತಿಂಗಳಿಗೆ 7,000 ಗೌರವಧನ, ವರ್ಷಕ್ಕೆ 84,000. ಮೊದಲ ವರ್ಷದ ಮೊತ್ತ 2,96,000. ಎರಡನೇ ವರ್ಷ ಅದೇ ಗೌರವಧನ, ಹೊಸ ಪುಸ್ತಕ ಮತ್ತು ರಟ್ಟು ಕಟ್ಟಿಸಲು 25,000, ಮೇಲ್ವಿಚಾರಣೆಗೆ 12,000, ಒಟ್ಟು 1,21,000. ಎರಡು ವರ್ಷಕ್ಕೆ ಸೇರಿ 4,17,000 ರೂಪಾಯಿ.

ಎಲ್ಲರೂ ಬಿಟ್ಟುಬಿಡುವುದು ಆ ಗೌರವಧನವನ್ನೇ. ಸಂಬಳ ಕೇಳಿದರೆ ಕಂಪನಿ ಒಪ್ಪುವುದಿಲ್ಲ, ಅದು ಆಡಳಿತ ವೆಚ್ಚಕ್ಕೆ ಸೇರುತ್ತದೆ, ಆಡಳಿತ ವೆಚ್ಚಕ್ಕೆ ನೂರಕ್ಕೆ ಐದರ ಮಿತಿ ಇದೆ ಎಂದು ಹೇಳಿಕೊಂಡು ಬರಿಯ ಸಾಮಾನಿನ ಪಟ್ಟಿ ಕೊಡುತ್ತಾರೆ. ಇದು ತಪ್ಪು ತಿಳಿವಳಿಕೆ. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ಕೆಲಸದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ. ಒಂದು ನಿರ್ದಿಷ್ಟ ಯೋಜನೆಯನ್ನು ರೂಪಿಸಲು, ನಡೆಸಲು, ಮೇಲ್ವಿಚಾರಣೆ ಮಾಡಲು ನೇರವಾಗಿ ತಗಲುವ ಖರ್ಚು ಆಡಳಿತ ವೆಚ್ಚವಲ್ಲ ಎಂದು ನಿಯಮದ ವ್ಯಾಖ್ಯೆಯಲ್ಲೇ ಬರೆದಿದೆ. ಮಕ್ಕಳಿಗೆ ಪುಸ್ತಕ ಕೊಡುವವಳ ಗೌರವಧನ ಯೋಜನೆಯ ನೇರ ಖರ್ಚು. ಇದನ್ನು ಪ್ರಸ್ತಾವನೆಯಲ್ಲಿ ಎರಡು ಸಾಲಿನಲ್ಲಿ ಬರೆದುಬಿಡಿ. ಯಾವುದಾದರೂ ಬಾಬ್ತು ಕಡಿತ ಮಾಡಲೇಬೇಕು ಎಂದಾದರೆ ಪುಸ್ತಕವನ್ನು 900ರಿಂದ 600ಕ್ಕೆ ಇಳಿಸಿ, ರ್ಯಾಕನ್ನು ನಾಲ್ಕಕ್ಕೆ ಇಳಿಸಿ, ಆ 84,000ವನ್ನು ಮುಟ್ಟಬೇಡಿ. ಆಕೆ ಇಲ್ಲದ ಗ್ರಂಥಾಲಯ ಉದ್ಘಾಟನೆಯ ಮರುವಾರವೇ ದಾಸ್ತಾನು ಕೊಠಡಿ ಆಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಬೀಗದ ವಿಷಯ. ಬೀಗ ಹಾಕುವ ಶಿಕ್ಷಕರನ್ನು ದೂರುವುದು ಸುಲಭ. ಆದರೆ ಪುಸ್ತಕ ದಾಸ್ತಾನು ವಹಿಗೆ ಏರಿದ ಮೇಲೆ ಕಳೆದುಹೋದರೆ ಲೆಕ್ಕಪರಿಶೋಧನೆಯಲ್ಲಿ ಉತ್ತರ ಕೊಡಬೇಕಾದವರು ಅವರೇ. ಕೈಯಿಂದ ತುಂಬಿಕೊಡಬೇಕಾದೀತು ಎಂಬ ಅಂಜಿಕೆ ನಿಜವಾದದ್ದು. ಮಕ್ಕಳು ಓದಿದ ಪುಸ್ತಕ ಹರಿಯುತ್ತದೆ, ಮನೆಗೆ ಹೋದದ್ದರಲ್ಲಿ ಕೆಲವು ಬರುವುದಿಲ್ಲ. ಆದ್ದರಿಂದ ಕಂಪನಿಯ ಜೊತೆಗಿನ ಒಪ್ಪಂದದಲ್ಲಿ ಒಂದು ಷರತ್ತು ಇರಲಿ: ವರ್ಷಕ್ಕೆ ನೂರಕ್ಕೆ ಹತ್ತರವರೆಗೆ ಪುಸ್ತಕ ಹರಿದರೆ ಅಥವಾ ಕಳೆದರೆ ಅದು ಬಳಕೆಯ ಸವೆತ, ಎಸ್‌ಡಿಎಂಸಿ ನಡಾವಳಿ ಬರೆದು ವಹಿಯಿಂದ ತೆಗೆಯಬಹುದು, ಯಾರಿಂದಲೂ ವಸೂಲಿ ಇಲ್ಲ. ಇದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಒಪ್ಪಿಗೆಯನ್ನು ಅದೇ ಪತ್ರದಲ್ಲಿ ಪಡೆದುಕೊಳ್ಳಿ. ಹೀಗೆ ಬರೆದುಕೊಟ್ಟ ಮೇಲೆ ಮುಖ್ಯ ಶಿಕ್ಷಕರಿಗೆ ಬೀರುವಿನ ಬೀಗ ತೆಗೆಯಲು ಧೈರ್ಯ ಬರುತ್ತದೆ. ರ್ಯಾಕ್, ಕೊಠಡಿಯಂಥ ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ, ಅದು ಶಾಲೆಗೆ ಸೇರಬೇಕು. ಅದಕ್ಕಾಗಿ ಹಸ್ತಾಂತರ ಪತ್ರವೂ ಬೇಕು.

ಪುಸ್ತಕದ ಆಯ್ಕೆಗೂ ಒಂದು ಮಾತು. ‘ವಿವಿಧ ಪುಸ್ತಕಗಳು, 81,000’ ಎಂದು ಬರೆದರೆ ಯಾರೋ ಮಾರಾಟಗಾರರು ಮಾರಾಟವಾಗದೆ ಉಳಿದ ನೀತಿಕತೆಗಳನ್ನೂ ಸ್ಪರ್ಧಾ ಪರೀಕ್ಷೆಯ ಗೈಡುಗಳನ್ನೂ ತುಂಬಿ ಕಳಿಸುತ್ತಾರೆ. ಹೆಸರು, ಪ್ರಕಾಶನ, ಬೆಲೆ ಇರುವ ಪಟ್ಟಿಯನ್ನು ಪ್ರಸ್ತಾವನೆಗೆ ಲಗತ್ತಿಸಿ. ನಲಿ-ಕಲಿ ಮಕ್ಕಳಿಗೆ ಪುಟಕ್ಕೆ ಒಂದೆರಡು ಸಾಲಿರುವ ಚಿತ್ರಪುಸ್ತಕ ಬೇಕು. ಪ್ರಥಮ್ ಬುಕ್ಸ್, ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್ ಇವರ ಕನ್ನಡ ಪುಸ್ತಕಗಳಲ್ಲಿ ಅಂಥವು ಸಿಗುತ್ತವೆ. ನಮ್ಮ ಉದಾಹರಣೆಯ ಶಾಲೆಯಲ್ಲಿ ಒಂದು ಪಾಲು ಕನ್ನಡ-ತೆಲುಗು ದ್ವಿಭಾಷಾ ಪುಸ್ತಕ ಹುಡುಕಿದರೆ ಚಿಕ್ಕವರಿಗೆ ಅನುಕೂಲ. ರ್ಯಾಕಿನಲ್ಲಿ ಪುಸ್ತಕದ ಬೆನ್ನು ಕಾಣುವ ಹಾಗಲ್ಲ, ಮುಖಪುಟ ಕಾಣುವ ಹಾಗೆ ಇಡಬೇಕು, ಓದಲು ಬಾರದ ಮಗು ಚಿತ್ರ ನೋಡಿಯೇ ಆರಿಸುವುದು. ಕಂಪನಿಯವರು ಪ್ರೀತಿಯಿಂದ ‘ನಮ್ಮ ನೌಕರರ ಮನೆಯ ಹಳೆಯ ಪುಸ್ತಕ ಸಂಗ್ರಹಿಸಿ ಕೊಡುತ್ತೇವೆ’ ಎನ್ನುತ್ತಾರೆ. ನಯವಾಗಿ ಬೇಡ ಎನ್ನಿ. ಬರುವುದು ಹೆಚ್ಚಾಗಿ ಇಂಗ್ಲಿಷಿನ ದಪ್ಪ ಪುಸ್ತಕ, ಹಳೆಯ ಪಠ್ಯ.

ಕಂಪನಿಯಲ್ಲಿ ಕೂತಾಗ ಬರುವ ಪ್ರಶ್ನೆಗಳನ್ನು ಮೊದಲೇ ಯೋಚಿಸಿಕೊಂಡು ಹೋಗಬೇಕು. ಕಾರ್ಖಾನೆಯ ವ್ಯವಸ್ಥಾಪಕರು ಹೆಚ್ಚಾಗಿ ಕೇಳುವುದು ಇದು: “ಮೇಷ್ಟ್ರೇ, ಈ ಕಾಲದಲ್ಲಿ ಪುಸ್ತಕ ಯಾಕೆ? ಒಂದು ಸ್ಮಾರ್ಟ್ ಕ್ಲಾಸ್ ಮಾಡಿಸಿಕೊಡ್ತೀವಿ, ಫೋಟೋನೂ ಚೆನ್ನಾಗಿ ಬರುತ್ತೆ.” ಅದಕ್ಕೆ ವಾದ ಹೂಡಬೇಡಿ. ಐದನೇ ತರಗತಿಯ ಮಕ್ಕಳ ಕೈಗೆ ಎರಡನೇ ತರಗತಿಯ ಪಾಠ ಕೊಟ್ಟು ಎಷ್ಟು ಜನ ತಡವರಿಸದೆ ಓದಿದರು ಎಂದು ನೀವೇ ಶಾಲೆಯಲ್ಲಿ ಪರೀಕ್ಷಿಸಿ, ಆ ಹಾಳೆಯನ್ನು ಮುಂದಿಡಿ. “ಸಾರ್, ಇಷ್ಟು ಮಕ್ಕಳಿಗೆ ಇನ್ನೂ ಓದೋಕೆ ಬರಲ್ಲ, ಪರದೆ ಮೇಲಿನ ಅಕ್ಷರಾನೂ ಅವರು ಓದಲಾರರು” ಎಂದು ಹೇಳಿ. ಎರಡನೇ ಪ್ರಶ್ನೆ: ಎರಡು ವರ್ಷ ಆದ ಮೇಲೆ ಯಾರು ನಡೆಸುತ್ತಾರೆ? ಇಲ್ಲಿ ಉತ್ಪ್ರೇಕ್ಷೆ ಮಾಡಬೇಡಿ. ಗೌರವಧನದ ಹಣ ಮುಂದೆ ಸಿಗದೆ ಹೋಗಬಹುದು. ಆದ್ದರಿಂದ ಎರಡನೇ ವರ್ಷದಿಂದಲೇ ಒಬ್ಬ ಶಿಕ್ಷಕರು ಮತ್ತು ಆರು, ಏಳನೇ ತರಗತಿಯ ಕೆಲವು ಮಕ್ಕಳು ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸ ಕಲಿಯುತ್ತಾರೆ, ಹೊಸ ಪುಸ್ತಕಕ್ಕೆ ಸರ್ಕಾರದ ವಾರ್ಷಿಕ ಗ್ರಂಥಾಲಯ ಅನುದಾನ ಬಳಸುತ್ತೇವೆ ಎಂದು ಇರುವುದನ್ನು ಇದ್ದ ಹಾಗೆ ಹೇಳಿ. ಮೂರನೆಯದು ಹೆಸರಿನ ಫಲಕ. ಬಾಗಿಲ ಬಳಿ ಒಂದು ಫಲಕಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ತಮ್ಮ ಸರಕಿನ ಜಾಹೀರಾತಿಗಾಗಿ ಮಾಡುವ ಪ್ರಾಯೋಜನೆ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ ಎಂದು ನಿಯಮವೇ ಇದೆ. ಅದನ್ನು ನೆನಪಿಸಿದರೆ ಸಾಕು.

ಕಾಲ ನೋಡಿ ಹೋಗುವುದು ಬಹಳ ಮುಖ್ಯ. ಫೆಬ್ರುವರಿಯಲ್ಲಿ ಹೋದರೆ ಕೆಲವೊಮ್ಮೆ ಹಣ ಬೇಗ ಸಿಗುತ್ತದೆ, ಏಕೆಂದರೆ ಮಾರ್ಚ್ 31ರೊಳಗೆ ಖರ್ಚು ತೋರಿಸುವ ಆತುರ ಅವರಿಗಿರುತ್ತದೆ. ಆದರೆ ಆರು ವಾರದಲ್ಲಿ ಖರ್ಚಾಗುವುದು ಬೀರು ಮತ್ತು ಪುಸ್ತಕದ ಗಂಟು ಮಾತ್ರ, ಗೌರವಧನ ಖರ್ಚಾಗುವುದಿಲ್ಲ. ಜೂನ್, ಜುಲೈನಲ್ಲಿ ಹೋಗಿ. ನಿರ್ದೇಶಕ ಮಂಡಳಿ ಇದನ್ನು ‘ಮುಂದುವರಿಯುವ ಯೋಜನೆ’ ಎಂದು ನಿರ್ಣಯಿಸಿದರೆ, ವರ್ಷದ ಕೊನೆಗೆ ಉಳಿದ ಹಣವನ್ನು 30 ದಿನದೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ ಮುಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಬಳಸಬಹುದು. ಹಾಗೆ ನಿರ್ಣಯಿಸದಿದ್ದರೆ ಉಳಿದ ಹಣ ಆರು ತಿಂಗಳೊಳಗೆ ಅನುಸೂಚಿಯಲ್ಲಿ ಹೇಳಿದ ಸರ್ಕಾರಿ ನಿಧಿಗೆ ಹೋಗಿಬಿಡುತ್ತದೆ. ಎರಡು ವರ್ಷದ ಯೋಜನೆ ಎನ್ನುವುದನ್ನು ಶೀರ್ಷಿಕೆಯಲ್ಲೇ ಬರೆಯಿರಿ.

ಕೊನೆಯದು, ಫಲ ತೋರಿಸುವುದು. ಕೊಟ್ಟ ಹಣ ಒಪ್ಪಿದ ಕೆಲಸಕ್ಕೇ ಬಳಕೆಯಾಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು ಮಂಡಳಿಗೆ ದೃಢೀಕರಿಸಬೇಕು. ಅದಕ್ಕೆ ಅವರಿಗೆ ಬಿಲ್ಲುಗಳೂ ಹಣ ಬಳಕೆ ಪ್ರಮಾಣಪತ್ರವೂ ಬೇಕು. ಆದರೆ ಗ್ರಂಥಾಲಯ ನಿಜವಾಗಿ ನಡೆಯುತ್ತಿದೆಯೇ ಎನ್ನುವುದನ್ನು ಬಿಲ್ಲು ಹೇಳುವುದಿಲ್ಲ, ಪುಸ್ತಕ ಎರವಲು ವಹಿ ಹೇಳುತ್ತದೆ. ನಮ್ಮ ಉದಾಹರಣೆಯಲ್ಲಿ ನಾಲ್ಕರಿಂದ ಏಳನೇ ತರಗತಿಯ 105 ಮಕ್ಕಳು ತಿಂಗಳಿಗೆ ಎರಡರಂತೆ ಎಂಟು ತಿಂಗಳು ಪುಸ್ತಕ ಒಯ್ದರೆ 1,680 ಎರವಲು ಆಗುತ್ತದೆ. ಆ ಒಂದು ಸಂಖ್ಯೆಯನ್ನು ಗುರಿಯಾಗಿ ಬರೆದರೆ ಸಾಕು, ‘ಮಕ್ಕಳ ಸರ್ವಾಂಗೀಣ ವಿಕಾಸ’ ಎಂದು ಬರೆಯುವ ಅಗತ್ಯವಿಲ್ಲ. ವಹಿಯನ್ನು ನೋಡುವ ಕಣ್ಣು ಕಂಪನಿಯವರಿಗೂ ಇರಲಿ. ಹಾಜರಿ ಪುಸ್ತಕದ ಕ್ರಮದಲ್ಲೇ ಎಲ್ಲರ ಹೆಸರು, ಒಂದೇ ಶಾಯಿ, ಒಂದೇ ದಿನ ಕೊಟ್ಟು ಒಂದೇ ದಿನ ವಾಪಸು ಪಡೆದ ದಾಖಲೆ ಇದ್ದರೆ ಅದು ಕೂತು ತುಂಬಿಸಿದ ವಹಿ. ನಿಜವಾದ ವಹಿಯಲ್ಲಿ ದಿನಾಂಕಗಳು ಚೆಲ್ಲಾಪಿಲ್ಲಿಯಾಗಿರುತ್ತವೆ, ಒಂದೇ ಪುಸ್ತಕದ ಸಂಖ್ಯೆ ಪದೇ ಪದೇ ಬರುತ್ತದೆ, ಕೆಲವು ಮಕ್ಕಳ ಹೆಸರು ಎಂಟು ಸಲ, ಕೆಲವರದು ಒಂದೇ ಸಲ ಇರುತ್ತದೆ, ‘ಹರಿದಿದೆ’, ‘ತಂದಿಲ್ಲ’ ಎಂಬ ಟಿಪ್ಪಣಿಗಳಿರುತ್ತವೆ. ಮೂರು ತಿಂಗಳಿಗೊಮ್ಮೆ ಆ ವಹಿಯ ಎರಡು ಪುಟದ ನಕಲನ್ನು ಕಂಪನಿಗೆ ಕಳಿಸಿ. ಯಾರ ಹೆಸರು ಒಂದೇ ಸಲ ಇದೆಯೋ ಆ ಮಕ್ಕಳ ಪಕ್ಕ ಕೂರಲು ಗ್ರಂಥಾಲಯ ನಡೆಸುವಾಕೆಗೆ ಹೇಳಿ.

ಪ್ರಸ್ತಾವನೆ ಒಟ್ಟು ನಾಲ್ಕು ಪುಟ ಮೀರದಿರಲಿ, ಪುಸ್ತಕದ ಪಟ್ಟಿ ಮತ್ತು ಕಾಗದಪತ್ರ ಬೇರೆ. ಈ ಮಾತು ಕೇಳುತ್ತಿರುವ ಎಸ್‌ಡಿಎಂಸಿ ಅಧ್ಯಕ್ಷರು, ಸದಸ್ಯರು ಮುಂದಿನ ಸಭೆಯ ಕಾರ್ಯಸೂಚಿಗೆ ಈ ವಿಷಯ ಸೇರಿಸಿ. ಕಾರ್ಖಾನೆಗಳಲ್ಲಿ ಈ ಹಣದ ತೀರ್ಮಾನ ಮಾಡುವವರಲ್ಲೂ ಒಂದು ಕೋರಿಕೆ: ನಿಮ್ಮ ಮುಂದೆ ಶಾಲಾ ಗ್ರಂಥಾಲಯದ ಪ್ರಸ್ತಾವನೆ ಬಂದು, ಅದರಲ್ಲಿ ಪುಸ್ತಕ ಕೊಡುವವರ ಗೌರವಧನ ಕಾಣದಿದ್ದರೆ, ಅದನ್ನು ಸೇರಿಸಿ ತನ್ನಿ ಎಂದು ನೀವೇ ವಾಪಸು ಕಳಿಸಿ.